ಒಂಬತ್ತೂವರೆಯವರೆಗೂ ದೀಪ ಉರಿಯುತ್ತಿರುತ್ತದೆ



ಅಡಿಕೆ ಕೊಯ್ಲು ಮುಗಿದು, ಮನೆಮನೆಯಲ್ಲಿ ಪರೀಕ್ಷೆಯ ಮಾತು ಶುರುವಾಗಿದೆ. ಇಂದಿನಿಂದ ಪರೀಕ್ಷೆ ಮುಗಿಯುವ ತನಕ ಸಾಗರದ ನಮ್ಮ ಪುಸ್ತಕದಂಗಡಿ ಬೆಳಿಗ್ಗೆ 7ಕ್ಕೆ ತೆರೆದು ರಾತ್ರಿ 9.30ಕ್ಕೆ ಮುಚ್ಚುತ್ತದೆ. ಭಾನುವಾರವೂ ಇರುತ್ತೇವೆ.

ಈ ಹೊತ್ತನ್ನು ನಿಗದಿ ಮಾಡಿದ್ದು ನಮ್ಮ ಗಡಿಯಾರ ನೋಡಿ ಅಲ್ಲ, ನಿಮ್ಮ ಬಸ್ಸು ನೋಡಿ. ಹೊಸನಗರದ ಕಡೆಯ ಮಕ್ಕಳು ಬೆಳಗಿನ ಬಸ್ಸಿಳಿದು, ಶಾಲೆಗೆ ಹೋಗುವ ಮುಂಚೆ ಬರುತ್ತಾರೆ. ತುಮರಿಯವರು ಮೊದಲೆಲ್ಲ ಸಂಜೆಯ ಲಾಂಚ್ ತಪ್ಪೀತೆಂದು ಪುಸ್ತಕ ತಿರುವಿ ನೋಡದೆ ಓಡುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ಅವರೂ ಕತ್ತಲಾದ ಮೇಲೆ ಬರುತ್ತಿದ್ದಾರೆ, ನಿಂತು ಆರಿಸುತ್ತಿದ್ದಾರೆ. ಇದು ನನಗೆ ತುಂಬಾ ಸಂತೋಷದ ವಿಷಯ. ತೀರ್ಥಹಳ್ಳಿಯವರು ಫೋನ್ ಮಾಡಿದರೆ ಕಟ್ಟು ಕಟ್ಟಿ ಬಸ್ಸಿಗೆ ಹಾಕುತ್ತೇವೆ.

ಇನ್ನು ಒಂದು ಸ್ಕೇಲಿನ ಕಥೆ. ಹೋದ ವರ್ಷ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಗ್ರಾಫ್ ಹಾಳೆ ಹಿಡಿದು ಅಳುಮುಖದಲ್ಲಿ ಬಂದಳು. x + y = 5, 2x − y = 4. ಲೆಕ್ಕ ಮಾಡಿದರೆ ಉತ್ತರ (3, 2) ಬರುತ್ತದೆ, ಆದರೆ ನಕ್ಷೆಯಲ್ಲಿ ಗೆರೆಗಳು ಸ್ವಲ್ಪ ಆಚೆ ಸೇರುತ್ತಿವೆ. ಬಿಂದುಗಳನ್ನು ನೋಡಿದೆ, (0, 5), (5, 0), (2, 0), (4, 4), ಎಲ್ಲ ಸರಿಯಾದ ಜಾಗದಲ್ಲೇ ಇದ್ದವು. ನನ್ನ ಹೆಂಡತಿ ಅವಳ ಪ್ಲಾಸ್ಟಿಕ್ ಸ್ಕೇಲ್ ಇಸಿದುಕೊಂಡು ಎರಡು ಚುಕ್ಕಿಗಳ ನಡುವೆ ಗೆರೆ ಎಳೆದಳು. ಆಮೇಲೆ ಅದನ್ನು ಮಗುಚಿ, ಅದೇ ಅಂಚಿನಿಂದ ಅದೇ ಚುಕ್ಕಿಗಳಿಗೆ ಇನ್ನೊಂದು ಗೆರೆ ಎಳೆದಳು. ಎರಡೂ ಒಂದರ ಮೇಲೊಂದು ಕೂರಬೇಕಿತ್ತು. ನಡುವೆ ಅಕ್ಕಿಕಾಳಿನಷ್ಟು ಸಂದು ಬಿತ್ತು. ಬಿಸಿಲಲ್ಲೋ ಚೀಲದಲ್ಲೋ ಸ್ಕೇಲು ಬಾಗಿತ್ತು. ಆ ಮಗುವಿನ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಪ್ರತಿ ಸ್ಕೇಲನ್ನೂ ಹೀಗೆ ಮಗುಚಿ ನೋಡಿಯೇ ಕೊಡುತ್ತೇವೆ. ನಿಮ್ಮ ಮನೆಯದನ್ನೂ ತನ್ನಿ, ಬಾಗಿದ್ದರೆ ಬದಲಿಸಿ ಕೊಡುತ್ತೇವೆ, ದುಡ್ಡು ಬೇಡ. ಗ್ರಾಫ್ ಹಾಳೆ ಹತ್ತು ಕೊಂಡರೆ ಎರಡು ಹೆಚ್ಚಿಗೆ.

ಗೈಡ್ ವಿಷಯದಲ್ಲಿ ನನ್ನ ಮಾತು ಕೇಳಿ, ವಿಷಯಕ್ಕೆ ಒಂದೇ ಸಾಕು. ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಾವು ತೆಗೆದುಕೊಟ್ಟರೆ ಜೆರಾಕ್ಸಿನ ಖರ್ಚು ಮಾತ್ರ. ಮೊದಲು ಅದನ್ನು ಬಿಡಿಸಲಿ, ಎಲ್ಲಿ ಕಷ್ಟವಾಯಿತೋ ಆ ವಿಷಯಕ್ಕೆ ಗೈಡ್ ಕೊಳ್ಳಲಿ. ಅಡಿಕೆ ದುಡ್ಡು ಕೈಗೆ ಬಂದಿಲ್ಲವಾದರೆ ಪುಸ್ತಕ ಒಯ್ಯಿರಿ, ಅಪ್ಪಯ್ಯನ ಕಾಲದ ಲೆಕ್ಕದ ಪುಸ್ತಕ ಇನ್ನೂ ಇದೆ.

ಪರೀಕ್ಷೆ-1 ಮುಗಿದ ಮೇಲೆ ಗೈಡನ್ನು ಹರಿಯದೆ ವಾಪಸ್ ತಂದರೆ ಅರ್ಧ ಬೆಲೆ ಕೊಡುತ್ತೇವೆ. ಎಸ್ಸೆಸ್ಸೆಲ್ಸಿಗೆ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆಯಲ್ಲ, ಆ ಪುಸ್ತಕಗಳನ್ನು ಎರಡನೆಯದಕ್ಕೆ ಕೂರುವ ಮಕ್ಕಳಿಗೆ ಓದಲು ಸುಮ್ಮನೆ ಕೊಡುತ್ತೇವೆ. ಹಾಗಾಗಿ ಪೆನ್ನಿನಲ್ಲಿ ಉತ್ತರ ಬರೆಯಬೇಡಿ, ಪೆನ್ಸಿಲ್ ಬಳಸಿ.