ಬೆಲ್ಲಿಗೆ ಐದು ನಿಮಿಷ ಮುಂಚೆ

"ದಶಮಾಂಶ ಅರ್ಥ ಆಯ್ತಾ?" ಅಂದ್ರೆ ನಮ್ಮ ಮುಳಬಾಗಿಲು ಕಡೆ ಮಕ್ಕಳೆಲ್ಲ "ಆಯ್ತು ಸಾರ್" ಅಂತಾರೆ. ಅದಕ್ಕೇ ಪಾಠದ ಕೊನೆಗೆ ಚೀಟಿ ಹಂಚಿ ಕೇಳ್ತೀನಿ: 0.35, 0.4 ಇವುಗಳಲ್ಲಿ ಯಾವುದು ದೊಡ್ಡದು? ಯಾಕೆ? ಮನೆಮಾತು ತೆಲುಗು ಇರೋರು ಕಾರಣವನ್ನ ತೆಲುಗಲ್ಲೇ, ಕನ್ನಡ ಅಕ್ಷರದಲ್ಲಿ ಬರೆದ್ರೂ ಸರಿ.

0.35 ಅಂದವರು ಬರೀ 35ನ್ನೂ 4ನ್ನೂ ಹೋಲಿಸಿರ್ತಾರೆ. ಹಾಗಂತ 0.4 ಅಂದವರಿಗೆಲ್ಲ ಅರ್ಥವಾಗಿದೆ ಅಂದ್ಕೋಬೇಡಿ! ಬಿಂದುವಿನ ನಂತರ ಅಂಕಿ ಕಡಿಮೆ ಇದ್ರೆ ಸಂಖ್ಯೆ ದೊಡ್ಡದು ಅಂತ ನಂಬಿದವರಿಗೂ ಅದೇ ಉತ್ತರ ಬರುತ್ತೆ. ಅದಕ್ಕೇ ಎರಡನೇ ಜೋಡಿ: 0.62, 0.5. ಇಲ್ಲಿ ಅವರು 0.5 ಅಂತ ಬರೆದು ಸಿಕ್ಕಿಬೀಳ್ತಾರೆ.

ಮಾರ್ಕ್ಸ್ ಹಾಕಲ್ಲ, ಚೀಟಿಗಳನ್ನ ಮೂರು ಗುಂಪು ಮಾಡ್ತೀನಿ ಅಷ್ಟೇ. ಮಾರನೇ ದಿನ ತಪ್ಪಿದ ಎರಡು ಗುಂಪಿಗೂ ನೂರು ಚೌಕದ ಹಾಳೆ. 0.35ಕ್ಕೆ 35 ಚೌಕ, 0.4ಕ್ಕೆ 40 ಚೌಕ ಬಣ್ಣ ತುಂಬಿದ ಮೇಲೆ ಮತ್ತೆ ಚೀಟಿ... ಈ ಸಲ ಬೇರೆ ಸಂಖ್ಯೆಗಳು!