ಪಾಸ್ ಮುಗಿಯುತ್ತೆ, ಪ್ಲಾನ್ ಮುಗಿಯಲ್ಲ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಕಾಲೇಜಿಗೆ ಹೋಗಿಬರುವ ಹುಡುಗರ ಬಸ್ ಪಾಸಿಗೆ ಒಂದು ಒಳ್ಳೆಯ ಗುಣವಿದೆ. ಅವಧಿ ಮುಗಿದ ಮೇಲೆ ಅದು ನಡೆಯುವುದಿಲ್ಲ. ಮರುದಿನ ಬಸ್ ಹತ್ತಿದರೆ ಕಂಡಕ್ಟರ್ ಟಿಕೆಟ್ ಕೇಳುತ್ತಾರೆ, ಪೂರ್ತಿ ದುಡ್ಡನ್ನು ನಾವೇ ಎಣಿಸಿ ಕೊಡುತ್ತೇವೆ. ಮೊಬೈಲಿನಲ್ಲಿರುವ ವಿದ್ಯಾರ್ಥಿ ಪ್ಲಾನ್ ಹಾಗಲ್ಲ. ಓದು ಮುಗಿದರೂ ಅದು ನಿಲ್ಲುವುದಿಲ್ಲ. ರಿಯಾಯಿತಿ ಮಾತ್ರ ನಿಲ್ಲುತ್ತದೆ, ಪ್ಲಾನ್ ಪೂರ್ಣ ದರದಲ್ಲಿ ಮುಂದುವರಿಯುತ್ತದೆ. ದುಡ್ಡು ಕೇಳಲು ಯಾರೂ ಎದುರಿಗೆ ಬಂದು ನಿಲ್ಲುವುದಿಲ್ಲ, ಖಾತೆಯಿಂದ ಹೋಗಿರುತ್ತದೆ ಅಷ್ಟೆ.

ನನ್ನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ಯೂಟ್ಯೂಬ್ ಪ್ರೀಮಿಯಂನ ವಿದ್ಯಾರ್ಥಿ ಪ್ಲಾನ್ ತೆಗೆದುಕೊಂಡಿದ್ದ. ಪಾಠದ ವಿಡಿಯೋಗಳನ್ನು ಡೌನ್‌ಲೋಡ್ ಮಾಡಿಕೊಂಡು ಬಸ್ಸಿನಲ್ಲಿ ನೋಡುತ್ತಿದ್ದ, ಜಾಹೀರಾತಿನ ಕಾಟ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ದರದಂತೆ ವಿದ್ಯಾರ್ಥಿಗೆ ತಿಂಗಳಿಗೆ 89 ರೂಪಾಯಿ, ಉಳಿದವರಿಗೆ 149. ಅವನಿಗೆ ಸಂಪಾದನೆ ಇಲ್ಲದ್ದರಿಂದ ಯುಪಿಐ ಆಟೋಪೇ ನನ್ನ ಖಾತೆಗೇ ಜೋಡಿಸಿತ್ತು. ವ್ಯತ್ಯಾಸ 60 ರೂಪಾಯಿ ತಾನೇ ಎನ್ನಬಹುದು. ಆದರೆ ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೊರಡುವ ತಿಂಗಳೇ ಪಿಜಿ ಅಡ್ವಾನ್ಸು, ಹೊಸ ಬಟ್ಟೆ, ಮೊದಲ ಸಂಬಳ ಬರುವವರೆಗಿನ ಊಟದ ಖರ್ಚು ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ನನ್ನ ಆರ್‌ಡಿ ಕಂತೂ ಅದೇ ಖಾತೆಯಿಂದ ಹೋಗಬೇಕು. ಅದಕ್ಕೇ ಪರೀಕ್ಷೆ ಮುಗಿದ ಜೂನ್‌ನಲ್ಲೇ ಮಗನನ್ನು ಕೂರಿಸಿಕೊಂಡೆ. "ನಿನ್ನ ಕಾಲೇಜು ಮುಗೀತಲ್ಲೋ, ಇದು ಯಾವಾಗ ಮುಗಿಯತ್ತೆ?"

"ಕಾಲೇಜಿಗೂ ಇದಕ್ಕೂ ಸಂಬಂಧ ಇಲ್ಲ ಕಣಮ್ಮ. ನಾನು ವೆರಿಫೈ ಮಾಡಿಸಿದ್ದು ಹೋದ ಆಗಸ್ಟ್ 18ಕ್ಕೆ. ಅಲ್ಲಿಂದ ಒಂದು ವರ್ಷ ಇರತ್ತೆ" ಅಂದ.

ಇದೇ ಮೊದಲು ತಿಳಿಯಬೇಕಾದ ಸಂಗತಿ. ರಿಯಾಯಿತಿ ಕೊನೆಯಾಗುವುದು ಪರೀಕ್ಷೆಯ ದಿನವೂ ಅಲ್ಲ, ಪದವಿ ಪ್ರದಾನದ ದಿನವೂ ಅಲ್ಲ. ಓದುತ್ತಿದ್ದೇನೆ ಎಂದು ದಾಖಲೆ ಕೊಟ್ಟು ಪರಿಶೀಲನೆ ಮಾಡಿಸಿದ ದಿನದಿಂದ ಒಂದು ವರ್ಷಕ್ಕೆ. ಪ್ರತಿ ವರ್ಷ ಅದನ್ನು ಮತ್ತೆ ಮಾಡಿಸಬೇಕು, ಒಟ್ಟು ನಾಲ್ಕು ವರ್ಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಆ ತಾರೀಕು ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ಇರುತ್ತದೆ. ವೆರಿಫೈ ಆದಾಗ ಬಂದ ಇಮೇಲ್ ಹುಡುಕಿದರೆ ಸಿಗುತ್ತದೆ.

ಇನ್ನು, ದರ ಏರಿದರೂ ಬ್ಯಾಂಕು ನಮ್ಮನ್ನು ಕೇಳದೆ ಹೇಗೆ ಕೊಡುತ್ತದೆ? ಆಟೋಪೇ ಮಾಡಿದ ದಿನ ನಾವು ಪಿನ್ ಒತ್ತಿ ಒಪ್ಪಿದ್ದು 89 ರೂಪಾಯಿಗೆ ಮಾತ್ರ ಅಲ್ಲ. ಇಂಥ ಅನುಮತಿಯಲ್ಲಿ ಗರಿಷ್ಠ ಮೊತ್ತ ಅಂತ ಒಂದಿರುತ್ತದೆ. ನಮ್ಮದರಲ್ಲಿ ಅದು ಪ್ಲಾನಿನ ದರಕ್ಕಿಂತ ಎಷ್ಟೋ ಹೆಚ್ಚಿತ್ತು. ಆ ಮಿತಿಯ ಒಳಗೆ 89 ಹೋಗಿ 149 ಆದರೂ ಹೊಸದಾಗಿ ಪಿನ್ ಬೇಕಿಲ್ಲ. ಇಂಥ ಸಾಮಾನ್ಯ ಚಂದಾಗಳಲ್ಲಿ ಒಂದು ಸಲಕ್ಕೆ 15,000 ರೂಪಾಯಿವರೆಗೆ ಪ್ರತಿ ಬಾರಿ ಪಿನ್ ಕೇಳದೆ ಕಡಿತ ಮಾಡಲು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಅವಕಾಶ ಕೊಟ್ಟಿದೆ. ಅದರ ಜೊತೆಗೇ ನಮ್ಮ ರಕ್ಷಣೆಗೂ ಒಂದು ನಿಯಮವಿದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಯಾರಿಗೆ, ಎಷ್ಟು, ಯಾವ ದಿನ ಹೋಗುತ್ತದೆ ಎಂದು ತಿಳಿಸಲೇಬೇಕು. ಜಾಹೀರಾತಿನ ಮೆಸೇಜುಗಳ ನಡುವೆ ಅದೂ ಬಂದು ಬಿದ್ದಿರುತ್ತದೆ. ಅದರಲ್ಲಿ ಮೊತ್ತ ಓದಿ. ಹಳೆಯ ಸಂಖ್ಯೆಯ ಬದಲು ಹೊಸದಿದ್ದರೆ ರಿಯಾಯಿತಿ ಮುಗಿದಿದೆ, ತಡೆಯಲು ನಿಮಗೆ ಒಂದು ದಿನ ಇದೆ ಎಂದರ್ಥ.

ನಾವು ಆ ಒಂದು ದಿನದವರೆಗೆ ಕಾಯಲಿಲ್ಲ. ಜುಲೈ 18ರಂದು 89 ರೂಪಾಯಿ ಹೋಯಿತು, ಅದು ಕೊನೆಯ ರಿಯಾಯಿತಿ ತಿಂಗಳು. ಆಗಸ್ಟ್ 10ಕ್ಕೆ ಮಗ ಆ್ಯಪ್‌ನಲ್ಲಿ ತನ್ನ ಚಿತ್ರ ಒತ್ತಿ, `Purchases and memberships` ಒಳಗೆ ಹೋಗಿ ಪ್ಲಾನ್ ರದ್ದು ಮಾಡಿದ. ರದ್ದು ಮಾಡಿದ ತಕ್ಷಣ ಸೌಲಭ್ಯ ಹೋಗುವುದಿಲ್ಲ, ಕೊಟ್ಟ ದುಡ್ಡಿನ ತಿಂಗಳು ಮುಗಿಯುವವರೆಗೆ ಇರುತ್ತದೆ. ಹಾಗಾಗಿ ಒಂದು ವಾರ ಮುಂಚೆ ಮಾಡಿದರೆ ನಷ್ಟವೇನಿಲ್ಲ. ಸರಿಯಾಗಿ ಆಗಿದೆಯೋ ಇಲ್ಲವೋ ತಿಳಿಯುವುದು ಸುಲಭ. ಅದೇ ಪುಟದಲ್ಲಿ ಮುಂದಿನ ಪಾವತಿಯ ದಿನಾಂಕದ ಬದಲು ಸೌಲಭ್ಯ ಮುಗಿಯುವ ದಿನಾಂಕ ಕಾಣಬೇಕು. ಡೌನ್‌ಲೋಡ್ ಮಾಡಿಟ್ಟ ವಿಡಿಯೋ ಆಮೇಲೆ ತೆರೆಯುವುದಿಲ್ಲ, ಆದರೆ ಅವನು ಜೋಡಿಸಿಟ್ಟ ಪಟ್ಟಿಗಳು ಹಾಗೇ ಉಳಿಯುತ್ತವೆ.

ಇಷ್ಟಾದ ಮೇಲೆ ನನ್ನ ಯುಪಿಐ ಆ್ಯಪ್ ತೆಗೆದು `Autopay` ಪಟ್ಟಿಯಲ್ಲಿ ಆ ಅನುಮತಿಯನ್ನೂ ಪಿನ್ ಹಾಕಿ ರದ್ದು ಮಾಡಿದೆ. ಈ ಕ್ರಮ ತಿರುಗುಮುರುಗಾಗಬಾರದು. ಬರೀ ಆಟೋಪೇ ನಿಲ್ಲಿಸಿದರೆ ಬಾಗಿಲಿಗೆ ಬೀಗ ಹಾಕಿದಂತಾಯಿತೇ ಹೊರತು, ಕಂಪನಿಯ ಲೆಕ್ಕದಲ್ಲಿ ಪ್ಲಾನ್ ಇನ್ನೂ ಜೀವಂತ. ಅಲ್ಲಿ ಬೇರೆ ಕಾರ್ಡ್ ಸೇರಿಸಿದ್ದರೆ ಅದರಿಂದ ಹೋಗಬಹುದು.

ಎಲ್ಲ ಪ್ಲಾನ್‌ಗಳೂ ಇಷ್ಟು ಸರಳವಲ್ಲ. ಮಗನ ಸ್ನೇಹಿತನ ಬಳಿ ಅಡೋಬಿಯ ವಿನ್ಯಾಸದ ಸಾಫ್ಟ್‌ವೇರ್ ಇತ್ತು. ತಿಂಗಳು ತಿಂಗಳು ಕಟ್ಟುತ್ತಿದ್ದರೂ ಅದು ಒಂದು ವರ್ಷದ ಒಪ್ಪಂದ. ಮೊದಲ 14 ದಿನ ಕಳೆದ ಮೇಲೆ ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಹಣದಲ್ಲಿ ಅರ್ಧ ಕಟ್ಟಬೇಕು. ತಿಂಗಳಿಗೆ 600 ಎಂದಿಟ್ಟುಕೊಳ್ಳಿ, ಐದು ತಿಂಗಳು ಬಾಕಿ ಇದ್ದರೆ 1,500 ರೂಪಾಯಿ. ಆದ್ದರಿಂದ ಕಾಲೇಜು ಮುಗಿಯಿತೆಂದು ಅವಸರದಲ್ಲಿ ರದ್ದು ಮಾಡುವ ಮುಂಚೆ, ವರ್ಷದ ತಾರೀಕು ಎಷ್ಟು ದೂರವಿದೆ ನೋಡಬೇಕು. ಒಂದೆರಡು ತಿಂಗಳೇ ಉಳಿದಿದ್ದು ಸಾಫ್ಟ್‌ವೇರ್ ಇನ್ನೂ ಬೇಕಿದ್ದರೆ ಕಟ್ಟಿ ಮುಗಿಸಿ, ವರ್ಷ ತಿರುಗುವ ಮುಂಚೆ ನಿಲ್ಲಿಸುವುದೇ ಲೇಸು.

ಆಮೇಲೆ ಮನೆಯಲ್ಲಿ ಇನ್ನೊಂದು ಮಾತು ಬಂತು. "ಫ್ಯಾಮಿಲಿ ಪ್ಲಾನ್ ಹಾಕಿಸಿದ್ರೆ ಎಲ್ಲರಿಗೂ ಆಗತ್ತಲ್ಲ?" ಅಂದರು ನಮ್ಮ ಮನೆಯವರು. ಅದೇ ಯೂಟ್ಯೂಬ್‌ನಲ್ಲಿ ಅದು ತಿಂಗಳಿಗೆ 299, ತೆಗೆದುಕೊಂಡವರ ಜೊತೆಗೆ ಇನ್ನೂ ಐದು ಮಂದಿ ಸೇರಬಹುದು. ಮೂವರು ನಿಜವಾಗಿ ಬಳಸಿದರೆ ತಲೆಗೆ 100 ರೂಪಾಯಿಯೂ ಬೀಳದು. ಆದರೆ ಎಲ್ಲರೂ ಒಂದೇ ಮನೆಯಲ್ಲಿ ವಾಸವಿರಬೇಕೆಂಬ ನಿಯಮವಿದೆ. ಮಗ ಬೆಂಗಳೂರಿನ ಪಿಜಿಯಲ್ಲಿ, ನಾವಿಬ್ಬರು ಭದ್ರಾವತಿಯಲ್ಲಿ. ನಮಗಿಬ್ಬರಿಗೆ ಅದರ ಅಗತ್ಯವೂ ಇರಲಿಲ್ಲ. ಕೈಬಿಟ್ಟೆವು.

ಮಗ ಸೆಪ್ಟೆಂಬರ್ ಪೂರ್ತಿ ಜಾಹೀರಾತು ನೋಡಿಕೊಂಡೇ ಕಳೆದ. ಸಂಬಳ ಬಂದ ಮೇಲೆ ಅಕ್ಟೋಬರ್‌ನಲ್ಲಿ 149 ಕೊಟ್ಟು ಮತ್ತೆ ಸೇರಿದ, ಈ ಸಲ ತನ್ನ ಖಾತೆಯಿಂದ. ವರ್ಷಕ್ಕೆ 1,788 ರೂಪಾಯಿ ಆಗುತ್ತದೆ ಎಂದು ಲೆಕ್ಕ ಹಾಕಿಯೇ ಸೇರಿದ್ದು. ಏರಿದ ದರ ಕೊಡಬಾರದು ಅಂತೇನಿಲ್ಲ. ಬೇಕು ಅನ್ನಿಸಿ, ಕೈಯಲ್ಲಿ ದುಡ್ಡಿದ್ದಾಗ ಕೊಟ್ಟರೆ ಅದು ಖರ್ಚು. ಗೊತ್ತಿಲ್ಲದೆ ಅಮ್ಮನ ಖಾತೆಯಿಂದ ಹೋದರೆ ಅದು ಸೋರಿಕೆ.

ನಿಮ್ಮ ಮನೆಯಲ್ಲೂ ಈ ವರ್ಷ ಓದು ಮುಗಿಸಿದವರಿದ್ದರೆ ಅವರ ಫೋನಿನ ಜೊತೆ ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ. ಪ್ರತಿಯೊಂದರ ಪಕ್ಕ ವೆರಿಫೈ ಆದ ತಾರೀಕು ಬರೆದು, ಅದಕ್ಕೆ ಒಂದು ವಾರ ಮುಂಚಿನ ದಿನಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.