ಇವ್ರು ಯಾವಾಗ ಮಾತಾಡ್ತಾರ?

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಪುಣೆಗೆ ಕರೆದುಕೊಂಡು ಬಂದೆ. ಅವಳಿಗೆ ಕನ್ನಡ ಮಾತ್ರ ಗೊತ್ತು. ನನ್ನ ಹೆಂಡತಿಗೆ ಮರಾಠಿ, ಹಿಂದಿ. ನನಗೋ ರಾತ್ರಿ ಪಾಳಿ. ಸಂಜೆಯಾದರೆ ಮನೆಯಲ್ಲಿ ಅತ್ತೆ, ಸೊಸೆ ಮತ್ತು ಒಂದು ಟಿವಿ. ಯಾವ ವಾಹಿನಿ ಹಾಕಿದರೂ ಇಬ್ಬರಲ್ಲಿ ಒಬ್ಬರು ಸುಮ್ಮನೆ ಕೂರಬೇಕು. ಮಾತೇ ಇಲ್ಲದ ಸಿನಿಮಾ ಹಾಕಿದರೆ ಹೇಗೆ ಎಂಬ ಯೋಚನೆ ಬಂದದ್ದು ಹಾಗೆ.

ಮೊದಲ ಭಾನುವಾರವೇ ತಪ್ಪು ಮಾಡಿದೆ. ಲಾ ಕಾಲೇಜು ರಸ್ತೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅಲ್ಲಿ ವರ್ಷಗಳ ಹಿಂದೆ ಜಪಾನಿನ ಕಾನೆತೊ ಶಿಂದೊ 1960ರಲ್ಲಿ ಮಾಡಿದ ‘ದಿ ನೇಕೆಡ್ ಐಲೆಂಡ್’ ನೋಡಿ ಬೆರಗಾಗಿದ್ದೆ. ಅದನ್ನೇ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ನೀರಿಲ್ಲದ ಪುಟ್ಟ ದ್ವೀಪದಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡ ಹೆಂಡತಿ ದೋಣಿಯಲ್ಲಿ ಹೋಗಿ ನೀರು ತಂದು, ಅಡ್ಡೆ ಹೊತ್ತು ಗುಡ್ಡ ಹತ್ತಿ, ಗಿಡಗಳಿಗೆ ಹಾಕುತ್ತಾರೆ. ಮತ್ತೆ ಹೋಗುತ್ತಾರೆ. ಹತ್ತು ನಿಮಿಷಕ್ಕೆ ಅವ್ವ ಕೇಳಿದಳು: “ತಮ್ಮಾ, ಇವ್ರು ಯಾವಾಗ ಮಾತಾಡ್ತಾರ?” ನಾನು ಎರಡು ಭಾಷೆಯಲ್ಲಿ ವಿವರಿಸತೊಡಗಿದೆ. ಅಲ್ಲಿಗೆ ಮುಗಿಯಿತು. ನೋಡುವವರು ಪರದೆ ಬಿಟ್ಟು ನಿಮ್ಮ ಮುಖ ನೋಡುತ್ತಿದ್ದಾರೆ ಎಂದರೆ ಆ ಚಿತ್ರ ಅವರಿಗೆ ಇನ್ನೂ ಬೇಗವಾಯಿತು ಎಂದರ್ಥ. ವಿವರಣೆ ಕೊಟ್ಟರೆ ಅವರು ಪರದೆಯನ್ನು ಪೂರ್ತಿ ಬಿಟ್ಟುಬಿಡುತ್ತಾರೆ.

ಮುಂದಿನ ವಾರ ‘ಪುಷ್ಪಕ ವಿಮಾನ’ ಹಾಕಿದೆ. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲಿ ಚಿತ್ರಿಸಿದ್ದು, ನಾಯಕ ಕಮಲ ಹಾಸನ್. ಕೆಲಸವಿಲ್ಲದ ಹುಡುಗನೊಬ್ಬ, ಕುಡಿದು ಬಿದ್ದಿದ್ದ ಸಿರಿವಂತನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಕೀಲಿ ಹಿಡಿದು ದೊಡ್ಡ ಹೋಟೆಲಿಗೆ ಹೋಗಿ ಉಳಿಯುತ್ತಾನೆ. ಕಥೆ ಇಷ್ಟು ಗಟ್ಟಿಯಾಗಿರುವಾಗ ಮುಂದೇನು ಎಂಬ ಕುತೂಹಲವೇ ನೋಡುವವರನ್ನು ಎಳೆದೊಯ್ಯುತ್ತದೆ. ಜೊತೆಗೆ, ಯಾರೂ ಬಾಯಿ ಕಟ್ಟಿಕೊಂಡವರಂತೆ ಕಾಣುವುದಿಲ್ಲ. ಹುಡುಗ, ಹುಡುಗಿ ದೂರದಿಂದಲೇ ಸನ್ನೆಯಲ್ಲಿ ಪ್ರೀತಿಸುವಾಗ ಮಾತಿಗೆ ಜಾಗವೇ ಇರುವುದಿಲ್ಲ.

ಇದನ್ನು ಮೂಕಿ ಚಿತ್ರ ಎನ್ನುವವರಿದ್ದಾರೆ, ಆದರೆ ಅದು ಸರಿಯಲ್ಲ. ಫಾಲ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ಸದ್ದಿಲ್ಲ, ಆದರೆ ನಡುನಡುವೆ ಓದಲು ಬರಹವಿದೆ. ‘ಪುಷ್ಪಕ’ದಲ್ಲಿ ಓದಿಸುವ ಫಲಕಗಳಿಲ್ಲ, ಸದ್ದು ಮಾತ್ರ ಬೇಕಾದಷ್ಟಿದೆ. ನಾಯಕನ ಹಳೆಯ ಕೋಣೆಯ ಪಕ್ಕ ಟಾಕೀಸು, ರಾತ್ರಿಯೆಲ್ಲ ಹೊಡೆದಾಟದ ಗದ್ದಲ. ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ, ಆ ನಿಶ್ಶಬ್ದದಲ್ಲಿ, ಅವನಿಗೆ ನಿದ್ದೆ ಬರುವುದಿಲ್ಲ. ಹಳೆಯ ಜಾಗಕ್ಕೆ ಹೋಗಿ ಆ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಇಲ್ಲಿ ಅತ್ತೆ, ಸೊಸೆ ಒಟ್ಟಿಗೇ ನಕ್ಕರು. ನಾನು ಏನೂ ಹೇಳಿರಲಿಲ್ಲ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರು ಬಿಟ್ಟು ಟಿವಿಯಲ್ಲಿ ಹಾಕಿದ್ದಕ್ಕೂ ಇದೇ ಕಾರಣ. ಇಂಥ ಚಿತ್ರಗಳಲ್ಲಿ ಅರ್ಧ ಕಥೆ ಕಿವಿಯಿಂದ ಬರುತ್ತದೆ.

ಕೊನೆಯಲ್ಲಿ ಹುಡುಗಿ ಊರು ಬಿಡುವಾಗ ಗುಲಾಬಿಗೆ ವಿಳಾಸದ ಚೀಟಿ ಸುತ್ತಿ ಎಸೆಯುತ್ತಾಳೆ. ಹೂವು ಸಿಗುತ್ತದೆ, ಚೀಟಿ ಗಾಳಿಗೆ ಹಾರಿ ಚರಂಡಿ ಸೇರುತ್ತದೆ. ಮಾತಿಲ್ಲದೆ ನಡೆದ ಪ್ರೀತಿಗೆ ಬೇಕಾಗಿದ್ದದ್ದು ಬರೆದ ಒಂದೇ ಸಾಲು, ಅದೂ ಹೋಯಿತು. ಅವ್ವ “ಅಯ್ಯs” ಎಂದಳು. ಹೆಂಡತಿ “ಅರೇರೇ” ಎಂದಳು.

ಮೂರನೆಯದು ಆದಿತ್ಯ ವಿಕ್ರಮ್ ಸೇನ್‌ಗುಪ್ತ ಅವರ 2014ರ ಬಂಗಾಳಿ ಚಿತ್ರ ‘ಆಶಾ ಜಾವಾರ್ ಮಾಝೆ’. ಕೋಲ್ಕತ್ತದ ದಂಪತಿ. ಹೆಂಡತಿಗೆ ಹಗಲು ಚೀಲದ ಕಾರ್ಖಾನೆ, ಗಂಡನಿಗೆ ರಾತ್ರಿ ಅಚ್ಚುಕೂಟ. ಇಬ್ಬರೂ ಸೇರುವುದು ದಿನಕ್ಕೆ ಒಂದು ಗಳಿಗೆ ಮಾತ್ರ. ಇದರಲ್ಲಿ ‘ಪುಷ್ಪಕ’ದ ಕಥೆಯ ಓಟವಿಲ್ಲ, ಮನೆಗೆಲಸವಷ್ಟೇ ಇದೆ. ಆದರೂ ಒಬ್ಬರು ಮಾಡಿಟ್ಟುಹೋದದ್ದನ್ನು ಇನ್ನೊಬ್ಬರು ಬಂದು ಮುಟ್ಟುವಾಗ ಅದೇ ಅವರ ಮಾತುಕತೆ ಎಂದು ತಿಳಿಯುತ್ತದೆ. ನನ್ನ ಹೆಂಡತಿ ಕಡೆಯವರೆಗೂ ನನ್ನತ್ತ ನೋಡಲಿಲ್ಲ. ಮರುದಿನ ಪಾಳಿ ಬದಲಿಸಿಕೊಡಿ ಎಂದು ಅರ್ಜಿ ಹಾಕಿದೆ.

ಇವೆರಡಾದ ಮೇಲೆ ಆ ದ್ವೀಪಕ್ಕೇ ಮರಳಿದೆವು. ಈ ಸಲ ಟಿವಿಯಲ್ಲಿ, ನನ್ನ ವಿವರಣೆಯಿಲ್ಲದೆ. ದಿನದಿನವೂ ಅದೇ ಗುಡ್ಡ, ಅದೇ ನೀರು. ಆ ಪುನರಾವರ್ತನೆ ಬೇಸರಕ್ಕಲ್ಲ, ಕೊಡದ ತೂಕ ನಮ್ಮ ಹೆಗಲಿಗೂ ಬರಲಿ ಎಂದು. ಹಾಗಾಗಿಯೇ ಹೆಂಗಸು ಎಡವಿ ನೀರು ಚೆಲ್ಲಿದಾಗ ಎದೆ ಧಸಕ್ಕೆನ್ನುತ್ತದೆ. ಮುಂದೆ ಹಿರಿಯ ಮಗ ಸಾಯುತ್ತಾನೆ. ಅವಳು ನೀರು ಚೆಲ್ಲಿ, ಗಿಡ ಕಿತ್ತು, ನೆಲಕ್ಕೆ ಬಿದ್ದು ಅಳುತ್ತಾಳೆ. ಗಂಡ ಸುಮ್ಮನೆ ನಿಂತು ನೋಡಿ ಕೆಲಸಕ್ಕೆ ಮರಳುತ್ತಾನೆ. ಅವಳೂ ಎದ್ದು ಮತ್ತೆ ನೀರು ಹಾಕುತ್ತಾಳೆ.

ಅಪ್ಪ ಹೋದ ಮೇಲೆ ನಮ್ಮೆದುರು ಅವ್ವ ಅತ್ತದ್ದು ಅದೇ ಮೊದಲು. ಹೆಂಡತಿ ಅವಳ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಕಣ್ಣೊರೆಸಿಕೊಂಡು, “ನೀರು ಹಾಕೂದು ಬಿಡಾಕ ಬರೂದಿಲ್ಲಲ್ಲ” ಎಂದಳು. ನಾನು ಅದನ್ನು ಮರಾಠಿಗೆ ಹೇಳಲು ಬಾಯಿ ತೆರೆದೆ. ಹೆಂಡತಿ ಬೇಡವೆಂದು ತಲೆಯಾಡಿಸಿದಳು.